ಮೊದಲು ತೊಡೆಗೆ, ಮಿಕ್ಕಿದ್ದೆಲ್ಲ ಆಮೇಲೆ

ಕಳೆದ ವರ್ಷ ಮಳೆ ನಿಂತ ಮೇಲಿನ ಒಂದು ಭಾನುವಾರ, ಪುಣೆಯಲ್ಲಿರುವ ನನ್ನ ಭಾವ ಬಾಲ್ಕನಿಯಲ್ಲಿ ಎಸಿಯ ಹೊರಪೆಟ್ಟಿಗೆಯ ಹಿಂದೆ ಕಟ್ಟಿದ್ದ ಜೇಡರಬಲೆ ತೆಗೆಯುತ್ತಿದ್ದರು. ಅಲ್ಲಿ ಕಣಜದ ಹುಳ ಗೂಡು ಕಟ್ಟಿದ್ದು ಯಾರಿಗೂ ಗೊತ್ತಿರಲಿಲ್ಲ. ಕತ್ತಿನ ಹಿಂಭಾಗಕ್ಕೆ ಒಂದು ಹುಳ ಕುಟುಕಿತು. ಒಂದೇ ಒಂದು. ಆಗ ಸಂಜೆ 5.40.

ಅಕ್ಕ ಊರಿನ ಅಭ್ಯಾಸದಂತೆ ಸುಣ್ಣ ಹಚ್ಚಿದಳು. ಐದು ನಿಮಿಷಕ್ಕೆ ಭಾವನಿಗೆ ಅಂಗೈ ಅಂಗಾಲು ತುರಿಸತೊಡಗಿತು. ಮನೆಯಲ್ಲಿದ್ದ ಸೆಟ್ರಿಜಿನ್ ಮಾತ್ರೆ ಕೊಟ್ಟಳು. ಇನ್ನೈದು ನಿಮಿಷದಲ್ಲಿ ಎದೆ, ಹೊಟ್ಟೆಯ ಮೇಲೆಲ್ಲ ಗಂದೆ ಎದ್ದವು, ಎರಡು ಸಲ ವಾಂತಿಯಾಯಿತು. ಯಾವತ್ತೂ ಗಾಬರಿಯಾಗದ ಮನುಷ್ಯ, "ಯಾಕೋ ಸರಿಯಿಲ್ಲ, ನಂಗೇನೋ ಆಗ್ತಾ ಇದೆ" ಎಂದರಂತೆ. ಶೌಚಾಲಯಕ್ಕೆ ಹೋಗಬೇಕೆಂದು ಎದ್ದು ನಾಲ್ಕು ಹೆಜ್ಜೆ ನಡೆದವರು ಬಾಗಿಲಲ್ಲೇ ಕುಸಿದರು. ಅಕ್ಕ ಹೈದರಾಬಾದಿನಲ್ಲಿರುವ ನನಗೆ ಫೋನ್ ಮಾಡಿದಾಗ 5.56.

ನಾನು ಅರಿವಳಿಕೆ ವೈದ್ಯೆ. ಅಡ್ರಿನಾಲಿನ್ ಎಂಬ ಔಷಧ ನನ್ನ ಟ್ರೇಯಲ್ಲಿ ದಿನಾ ಇರುತ್ತದೆ. ಅದಿಲ್ಲದೆ ನಾನು ಯಾವ ಆಪರೇಷನ್ನನ್ನೂ ಶುರು ಮಾಡುವುದಿಲ್ಲ. ಅದೇ ಭಾವನಿಗೆ ಮೂರು ವರ್ಷದ ಹಿಂದೆ ಶಿರಸಿಯಲ್ಲಿ ಇಂಥದ್ದೇ ಹುಳ ಕಚ್ಚಿ ಮೈತುಂಬ ಗಂದೆ ಎದ್ದು ವಾಂತಿಯಾದ ಸುದ್ದಿ ಕೇಳಿದಾಗ ನಾನೂ ಎಲ್ಲರಂತೆ, "ಪಿತ್ತ ಜಾಸ್ತಿಯಾಗಿರಬೇಕು" ಎಂದು ನಕ್ಕಿದ್ದೆ. ಕಚ್ಚಿದ ಜಾಗ ಎಷ್ಟೇ ಊದಿದರೂ ಅದು ಬೇರೆ ಮಾತು. ಕಚ್ಚಿದ್ದು ಕತ್ತಿಗಾಗಿ ತುರಿಕೆ ಅಂಗಾಲಿಗೆ ಬಂದರೆ, ಹೊಟ್ಟೆ ನುಲಿದರೆ, ಅದು ಇಡೀ ದೇಹ ಕೊಟ್ಟ ಎಚ್ಚರಿಕೆ. ಅದನ್ನು ನಾನು ಓದಲಿಲ್ಲ. ಈ ಬರಹಕ್ಕೆ ಆ ತಪ್ಪೇ ಮೂಲ.

ಇದರ ಹೆಸರು ಅನಾಫಿಲ್ಯಾಕ್ಸಿಸ್. 1902ರಲ್ಲಿ ಈ ಪದವನ್ನು ಕೊಟ್ಟವರು ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ. ಕಡಲ ಜೀವಿಯೊಂದರ ವಿಷವನ್ನು ನಾಯಿಗಳಿಗೆ ಸ್ವಲ್ಪ ಸ್ವಲ್ಪ ಕೊಟ್ಟು ಅವುಗಳಿಗೆ ತಡೆಶಕ್ತಿ ಬರಿಸಲು ನೋಡುತ್ತಿದ್ದರು. ಕೆಲವು ವಾರಗಳ ಬಳಿಕ ಮೊದಲಿಗಿಂತ ಎಷ್ಟೋ ಕಡಿಮೆ ವಿಷ ಕೊಟ್ಟಾಗ ನಾಯಿಗಳು ನಿಮಿಷಗಳಲ್ಲಿ ಸತ್ತವು. ಅಂದರೆ ಕೊಲ್ಲುತ್ತಿದ್ದುದು ವಿಷದ ಪ್ರಮಾಣವಲ್ಲ, ಹಿಂದಿನ ಪರಿಚಯ. ಈ ಶೋಧಕ್ಕೆ ರಿಶೆಗೆ 1913ರಲ್ಲಿ ನೊಬೆಲ್ ಬಂತು. "ಒಂದೇ ಹುಳ ತಾನೇ", "ಒಂದೇ ಗೋಡಂಬಿ ತಾನೇ" ಎಂಬ ನಮ್ಮ ಸಮಾಧಾನ ಎಷ್ಟು ಪೊಳ್ಳು ಎಂಬುದು ನೂರಿಪ್ಪತ್ತು ವರ್ಷಗಳಿಂದ ಗೊತ್ತಿರುವ ಸಂಗತಿ.

ಒಳಗೆ ನಡೆಯುವುದು ಹೀಗೆ. ಹಿಂದೊಮ್ಮೆ ಆ ವಿಷವನ್ನೋ ಆಹಾರವನ್ನೋ ಶತ್ರು ಎಂದು ಗುರುತಿಟ್ಟುಕೊಂಡ ದೇಹ, ಈ ಸಲ ಅದು ಬಂದೊಡನೆ ಮಾಸ್ಟ್ ಕೋಶಗಳ ಚೀಲವನ್ನು ಒಮ್ಮೆಲೇ ಬಿಚ್ಚಿಬಿಡುತ್ತದೆ. ಅದರಿಂದ ಹೊರಬಿದ್ದ ಹಿಸ್ಟಮೀನ್ ಮತ್ತಿತರ ರಾಸಾಯನಿಕಗಳು ರಕ್ತನಾಳಗಳನ್ನು ಸಡಿಲಿಸಿ ಸೋರುವಂತೆ ಮಾಡುತ್ತವೆ. ತೀವ್ರವಾದಾಗ ನಾಳಗಳೊಳಗಿನ ದ್ರವದ ಸುಮಾರು ಮೂರನೇ ಒಂದು ಭಾಗ ಹತ್ತೇ ನಿಮಿಷದಲ್ಲಿ ಹೊರಗೆ ಸೋರಿಹೋಗಬಹುದು. ಒಂದು ಹನಿ ರಕ್ತ ನೆಲಕ್ಕೆ ಬೀಳದೆ ಮನುಷ್ಯ ರಕ್ತಸ್ರಾವವಾದವನಂತೆ ಬಿಳಿಚುತ್ತಾನೆ. ಜೊತೆಗೆ ಗಂಟಲು ಊದುತ್ತದೆ, ಶ್ವಾಸನಾಳಗಳು ಬಿಗಿಯುತ್ತವೆ. ಕುಟುಕಿನಲ್ಲಿ ಸಾಮಾನ್ಯವಾಗಿ ಬಿಪಿ ಮೊದಲು ಬೀಳುತ್ತದೆ; ನೆಲಗಡಲೆ, ಗೋಡಂಬಿ, ಸಿಗಡಿಯಂಥ ಆಹಾರದಲ್ಲಿ, ಅದರಲ್ಲೂ ಅಸ್ತಮಾ ಇರುವ ಮಕ್ಕಳಲ್ಲಿ, ಉಸಿರು ಮೊದಲು ಕಟ್ಟುತ್ತದೆ. ಎಲ್ಲರಿಗೂ ಗಂದೆ ಏಳಲೇಬೇಕೆಂದಿಲ್ಲ. ಚರ್ಮ ನುಣ್ಣಗಿದ್ದು ದನಿ ಮಾತ್ರ ಗೊಗ್ಗರಾದರೂ ಅದು ಇದೇ.

ಅಕ್ಕನಿಗೆ ಫೋನಿನಲ್ಲಿ ನಾನು ಹೇಳಿದ ಮೊದಲ ಮಾತು, "ಎಬ್ಬಿಸಬೇಡ. ಅಲ್ಲೇ ಮಲಗಿಸು. ಕಾಲಡಿಗೆ ದಿಂಬು ಕೊಡು." ಕಾಲು ಮೇಲೇರಿದ ಒಂದು ನಿಮಿಷದಲ್ಲಿ ಭಾವ ಕಣ್ಣು ಬಿಟ್ಟರು. ಎದುರುಮನೆಯವರ ಕಾರಿನ ಹಿಂಬದಿಯಲ್ಲಿ ಮಲಗಿಸಿ ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದರು. ಅಲ್ಲಿ ಬಾಗಿಲಲ್ಲಿದ್ದವನು, ಮಾತಾಡುತ್ತಿದ್ದಾರಲ್ಲ ಎಂದು ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ. ಒಳಗೆ ಹೋಗುವಷ್ಟರಲ್ಲಿ ಭಾವ ಮತ್ತೆ ಪ್ರಜ್ಞೆ ತಪ್ಪಿದರು. ಬಿಪಿ ಮೇಲಿನ ಅಂಕೆ 70.

ಡ್ಯೂಟಿಯಲ್ಲಿದ್ದ ಯುವ ವೈದ್ಯರು ಕೂಡಲೇ ಸೂಜಿ ಹಾಕಿ ಎವಿಲ್ ಕೊಟ್ಟರು, ಹೈಡ್ರೋಕಾರ್ಟಿಸೋನ್ ಕೊಟ್ಟರು. ಫೋನಿನಲ್ಲಿ ನಾನು "ಅಡ್ರಿನಾಲಿನ್ ಕೊಟ್ಟಿರಾ?" ಎಂದು ಕೇಳಿದೆ. "ವಯಸ್ಸು 52, ಬಿಪಿ ಮಾತ್ರೆ ಬೇರೆ ತಗೋತಾರೆ, ಒಂದು ಇಸಿಜಿ ನೋಡಿ ಯೋಚಿಸೋಣ ಮೇಡಂ" ಎಂದರು. ಅಸಡ್ಡೆಯ ಮಾತಲ್ಲ ಅದು, ಹೆದರಿಕೆಯ ಮಾತು. "ಅರ್ಧ ಮಿ.ಲೀ., ತೊಡೆಯ ಸ್ನಾಯುವಿಗೆ, ಈಗಲೇ" ಎಂದು ಬಹುಶಃ ಗದರಿಯೇ ಹೇಳಿದೆ. ಕೊಟ್ಟಾಗ 6.16. ಐದು ನಿಮಿಷಕ್ಕೆ ಬಿಪಿ 86ಕ್ಕೆ ಬಂತು. ಮತ್ತೊಂದು ಅರ್ಧ ಮಿ.ಲೀ., ಜೊತೆಗೆ ಎರಡು ಬಾಟಲಿ ಸಲೈನ್. 6.35ಕ್ಕೆ ಭಾವ ತಮ್ಮ ಕನ್ನಡಕ ಎಲ್ಲಿ ಎಂದು ಕೇಳಿದರು.

ಕುಟುಕಿನಿಂದ ಅಡ್ರಿನಾಲಿನ್‌ವರೆಗೆ 36 ನಿಮಿಷ. ಬ್ರಿಟನ್ನಿನಲ್ಲಿ ಅನಾಫಿಲ್ಯಾಕ್ಸಿಸ್‌ನಿಂದ ಸತ್ತವರ ದಾಖಲೆಗಳನ್ನು ಪರಿಶೀಲಿಸಿ 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಸಿರು ಅಥವಾ ಹೃದಯ ನಿಲ್ಲಲು ತೆಗೆದುಕೊಂಡ ನಡುವಣ ಅವಧಿ ಆಹಾರದಲ್ಲಿ 30 ನಿಮಿಷ, ಕುಟುಕಿನಲ್ಲಿ 15 ನಿಮಿಷ. ನನ್ನ ಭಾವ ಉಳಿದದ್ದರಲ್ಲಿ ನಮ್ಮ ಜಾಣತನಕ್ಕಿಂತ ಅದೃಷ್ಟದ ಪಾಲು ದೊಡ್ಡದು.

ನನ್ನ ಮೊದಲ ವಾದ ಇಲ್ಲಿದೆ. ನಮ್ಮ ದೇಶದಲ್ಲಿ ಅಲರ್ಜಿ ಎಂದರೆ ಎವಿಲ್ ಎಂಬುದು ಜನರ ತಲೆಯಲ್ಲೂ ಕ್ಲಿನಿಕ್ಕಿನ ಕೈಯಲ್ಲೂ ಅಚ್ಚೊತ್ತಿದೆ. ಎವಿಲ್, ಸೆಟ್ರಿಜಿನ್ ತುರಿಕೆ ಮತ್ತು ಗಂದೆಯನ್ನು ಇಳಿಸುತ್ತವೆ, ಅಷ್ಟೇ. ಊದಿದ ಗಂಟಲನ್ನು ತೆರೆಯುವ, ಬಿದ್ದ ಬಿಪಿಯನ್ನು ಎತ್ತುವ ಶಕ್ತಿ ಅವಕ್ಕಿಲ್ಲ. ಸ್ಟೆರಾಯ್ಡ್ ಕೆಲಸ ಶುರು ಮಾಡಲು ಗಂಟೆಗಳು ಬೇಕು. ಅಡ್ರಿನಾಲಿನ್ ಒಂದೇ ಸಡಿಲಾದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಗಂಟಲಿನ ಊತ ಇಳಿಸುತ್ತದೆ, ಹೃದಯಕ್ಕೆ ಒತ್ತಾಸೆ ಕೊಡುತ್ತದೆ, ಶ್ವಾಸನಾಳ ತೆರೆಯುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಬಿಚ್ಚದಂತೆ ತಡೆಯುತ್ತದೆ. ಮಿಕ್ಕ ಔಷಧಗಳನ್ನು ಕೊಡಬಾರದೆಂದಲ್ಲ. ಅವು ಸರದಿಯಲ್ಲಿ ಅದರ ಹಿಂದೆ ನಿಲ್ಲಬೇಕು. ಎವಿಲ್ ಕೊಟ್ಟು "ನೋಡೋಣ" ಎಂದು ಕಾಯುವ ಹದಿನೈದು ನಿಮಿಷವೇ ಅಪಾಯ. ಗಂದೆ ಇಳಿದದ್ದನ್ನು ಕಂಡು ಎಲ್ಲರೂ ನಿಟ್ಟುಸಿರು ಬಿಡುವಾಗ ಒಳಗೆ ಬಿಪಿ ಜಾರುತ್ತಿರಬಹುದು.

ಹಾಗಾದರೆ ವೈದ್ಯರೇಕೆ ಹೆದರುತ್ತಾರೆ? ನಾವೆಲ್ಲ ಅಡ್ರಿನಾಲಿನನ್ನು ಮೊದಲು ನೋಡುವುದು ಹೃದಯ ನಿಂತ ರೋಗಿಯ ಪಕ್ಕದಲ್ಲಿ. ಅಲ್ಲಿ ಪೂರ್ತಿ 1 ಮಿಲಿಗ್ರಾಂ ನೇರ ರಕ್ತನಾಳಕ್ಕೆ ಹೋಗುತ್ತದೆ. ಬದುಕಿರುವ, ಹೃದಯ ಬಡಿಯುತ್ತಿರುವ ಮನುಷ್ಯನಿಗೆ ಅದೇ ಪ್ರಮಾಣವನ್ನು ಅದೇ ದಾರಿಯಲ್ಲಿ ಕೊಟ್ಟರೆ ಖಂಡಿತ ಅನಾಹುತ. ಆ ಭಯ ಸ್ನಾಯುವಿಗೆ ಕೊಡುವ ಚುಚ್ಚುಮದ್ದಿಗೂ ಅಂಟಿಕೊಂಡಿದೆ. ಆದರೆ ತೊಡೆಯ ಹೊರಬದಿಯ ಸ್ನಾಯುವಿಗೆ ದೇಹದ ತೂಕದ ಕಿಲೋಗೆ 0.01 ಮಿಲಿಗ್ರಾಂನಂತೆ, ದೊಡ್ಡವರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂ ಕೊಟ್ಟಾಗ ಆಗುವುದು ಕೆಲ ನಿಮಿಷದ ಕೈನಡುಕ, ಎದೆಬಡಿತ, ಮುಖ ಬಿಳಿಚುವುದು. ಹೃದಯದ ತೊಂದರೆ ಇದ್ದವರಿಗೂ, ಬಸುರಿಯರಿಗೂ ಅನಾಫಿಲ್ಯಾಕ್ಸಿಸ್‌ನಲ್ಲಿ ಇದನ್ನು ಕೊಡಲೇಬಾರದು ಎನ್ನುವ ನಿಯಮವಿಲ್ಲ. ಬಿದ್ದ ಬಿಪಿಯೇ ಹೃದಯಕ್ಕೆ ದೊಡ್ಡ ಪೆಟ್ಟು. ತೊಡೆಯೇ ಏಕೆ ಎಂದರೆ ಅಲ್ಲಿನ ಸ್ನಾಯುವಿಗೆ ರಕ್ತದ ಹರಿವು ಹೆಚ್ಚು. ಮಕ್ಕಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ತೊಡೆಯ ಸ್ನಾಯುವಿಗೆ ಕೊಟ್ಟ ಔಷಧ ಸುಮಾರು 8 ನಿಮಿಷದಲ್ಲಿ ರಕ್ತದಲ್ಲಿ ತುತ್ತತುದಿಗೆ ಏರಿತು. ಚರ್ಮದಡಿ ಕೊಟ್ಟದ್ದಕ್ಕೆ 34 ನಿಮಿಷ ಬೇಕಾಯಿತು.

ಎರಡನೆಯ ವಾದ ಪೆನ್ನಿನದು. ಅಡ್ರಿನಾಲಿನ್ ಆಟೋ ಇಂಜೆಕ್ಟರ್ ಎಂದರೆ ದಪ್ಪ ಸ್ಕೆಚ್ ಪೆನ್ನಿನಂಥ ಒಂದು ವಸ್ತು. ಒಳಗೆ ಅಳತೆ ಮಾಡಿಟ್ಟ ಔಷಧ, ಒಂದು ಸ್ಪ್ರಿಂಗ್, ಕಣ್ಣಿಗೆ ಕಾಣದ ಸೂಜಿ. ವಿಷಾನಿಲಕ್ಕೆ ಸಿಕ್ಕ ಸೈನಿಕ ತನಗೆ ತಾನೇ ಮದ್ದು ಚುಚ್ಚಿಕೊಳ್ಳಲೆಂದು ಮಾಡಿದ ಸಾಧನದಿಂದ ಇದು ಹುಟ್ಟಿತು. ಎಪಿಪೆನ್ ಎಂಬ ಹೆಸರಿನಲ್ಲಿ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. 30 ಕಿಲೋಗಿಂತ ಹೆಚ್ಚು ತೂಕದವರಿಗೆ 0.3 ಮಿಲಿಗ್ರಾಂ, 15ರಿಂದ 30 ಕಿಲೋ ತೂಕದ ಮಕ್ಕಳಿಗೆ 0.15. ಸುರಕ್ಷಾ ಮುಚ್ಚಳ ಎಳೆದು, ಮುಷ್ಟಿಯಲ್ಲಿ ಹಿಡಿದು, ತೊಡೆಯ ಹೊರಬದಿಯ ನಡುಭಾಗಕ್ಕೆ ಟಕ್ ಎಂದು ಸದ್ದಾಗುವವರೆಗೆ ಒತ್ತಿ, ಮೂರು ಸೆಕೆಂಡು ಹಿಡಿದರಾಯಿತು. ಕೆಲವು ಕಂಪನಿಯ ಪೆನ್ನುಗಳಲ್ಲಿ ಹತ್ತು ಸೆಕೆಂಡು. ಪ್ಯಾಂಟಿನ ಮೇಲಿಂದಲೇ ಆಗುತ್ತದೆ. ಹೆಬ್ಬೆರಳನ್ನು ಮಾತ್ರ ಪೆನ್ನಿನ ತುದಿಯ ಮೇಲೆ ಇಡಬಾರದು. ತಲೆಕೆಳಗಾಗಿ ಹಿಡಿದು ಬೆರಳಿಗೇ ಚುಚ್ಚಿಕೊಂಡವರಿದ್ದಾರೆ.

ಇದರ ಬೆಲೆ ಇರುವುದು ಒಳಗಿನ ಔಷಧದಲ್ಲಲ್ಲ. ಆ ಔಷಧದ ಆಂಪೂಲ್ ನಮ್ಮಲ್ಲಿ ಒಂದು ಊಟದ ದುಡ್ಡಿಗಿಂತ ಕಡಿಮೆಗೆ ಸಿಗುತ್ತದೆ, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ಪೆನ್ನು ತೆಗೆದುಹಾಕುವುದು ಹಿಂಜರಿಕೆಯನ್ನು, ಲೆಕ್ಕಾಚಾರವನ್ನು, ನಡುಗುವ ಕೈಯನ್ನು. ಕೆನಡಾದಲ್ಲಿ ತಂದೆತಾಯಂದಿರ ಕೈಗೆ ಆಂಪೂಲ್ ಮತ್ತು ಸಿರಿಂಜ್ ಕೊಟ್ಟು ಶಿಶುವಿನ ಪ್ರಮಾಣ ತುಂಬಿಸಲು ಹೇಳಿದಾಗ, ಅವರಿಗೆ ಸರಾಸರಿ ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ತುಂಬಿದ ಔಷಧದ ಪ್ರಮಾಣದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಹತ್ತಾರು ಪಟ್ಟು ವ್ಯತ್ಯಾಸವಿತ್ತು. ಅದೂ ಎದುರಿಗೆ ಸ್ವಂತ ಮಗು ನೀಲಿಗಟ್ಟುತ್ತಿರದ, ತಣ್ಣನೆಯ ಕೋಣೆಯಲ್ಲಿ.

ಭಾವ ಮನೆಗೆ ಬಂದ ಮೇಲೆ ನಾವು ಪೆನ್ನು ಹುಡುಕಲು ಹೊರಟೆವು. ಪುಣೆಯ ಆರು ಔಷಧದಂಗಡಿಗಳಲ್ಲಿ ಇಬ್ಬರಿಗೆ ಅದೇನೆಂದೇ ಗೊತ್ತಿರಲಿಲ್ಲ, ಮಿಕ್ಕವರ ಬಳಿ ಇರಲಿಲ್ಲ. ಉಳಿದ ದಾರಿ ವಿದೇಶದಿಂದ ತರಿಸುವುದು. ಔಷಧ ನಿಯಮಾವಳಿಯ 12ಎ ನಮೂನೆಯಲ್ಲಿ ವೈದ್ಯರ ಚೀಟಿಯೊಡನೆ ಅರ್ಜಿ ಹಾಕಿ ಸ್ವಂತ ಬಳಕೆಗೆ ಅನುಮತಿ ಪಡೆಯಬಹುದು. ಆದರೆ ಅದು ಸಾವಿರಗಟ್ಟಲೆ ರೂಪಾಯಿಯ ವ್ಯವಹಾರ, ಒಂದೂವರೆ ವರ್ಷದೊಳಗೆ ಅವಧಿ ಮುಗಿಯುವ ವಸ್ತು, ಬೇಕಾಗುವುದು ಒಂದಲ್ಲ ಎರಡು. ಕಡೆಗೆ ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸನ್ನೇ ನಂಬಿದ ಮನೆಗಳು ನನಗೆ ಗೊತ್ತು. ಜೀವ ಉಳಿಸುವ ಔಷಧವೊಂದು ನೆಂಟರ ಪ್ರಯಾಣದ ದಿನಾಂಕವನ್ನು ಕಾಯಬೇಕಾದ ಸ್ಥಿತಿಯನ್ನು ಒಪ್ಪಿಕೊಂಡು ಕೂರಬಾರದು ಎನ್ನುವುದೇ ನನ್ನ ತಕರಾರು.

"ಸಾಮಾನ್ಯ ಜನರ ಕೈಗೆ ಅಡ್ರಿನಾಲಿನ್ ಕೊಡುವುದೇ?" ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. ನಾವು ಈಗಾಗಲೇ ಕೊಟ್ಟಿದ್ದೇವೆ ಎಂಬುದು ನನ್ನ ಉತ್ತರ. ನಮ್ಮ ಲಸಿಕಾ ಕಾರ್ಯಕ್ರಮದಲ್ಲಿ ಹಳ್ಳಿಯ ಎಎನ್‌ಎಂ ಸಿಸ್ಟರ್ ಒಯ್ಯುವ ಅನಾಫಿಲ್ಯಾಕ್ಸಿಸ್ ಕಿಟ್ಟಿನಲ್ಲಿ ಅಡ್ರಿನಾಲಿನ್ ಆಂಪೂಲು, ಸಣ್ಣ ಸಿರಿಂಜು, ಒಂದಿಂಚಿನ ಸೂಜಿ, ವಯಸ್ಸಿಗೆ ತಕ್ಕ ಪ್ರಮಾಣದ ಪಟ್ಟಿ ಇರುತ್ತವೆ. ಲಸಿಕೆಯ ಬಳಿಕ ಯಾರಿಗಾದರೂ ಹೀಗಾದರೆ ವೈದ್ಯರಿಗೆ ಕಾಯದೆ ಒಂದು ಡೋಸ್ ತೊಡೆಗೆ ಕೊಟ್ಟು ಆಸ್ಪತ್ರೆಗೆ ಕಳಿಸಲು ಅವರಿಗೆ ಅನುಮತಿಯಿದೆ. ಲಕ್ಷಾಂತರ ಮನೆಗಳಲ್ಲಿ ಅಜ್ಜಿಯರು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಪ್ರಮಾಣ ತಪ್ಪಿದರೆ ಅದೂ ಅಪಾಯವೇ. ಅಷ್ಟು ನಂಬಿಕೆ ಅಲ್ಲಿ ಇರುವಾಗ, ಅಳತೆ ಮೊದಲೇ ಮಾಡಿಟ್ಟ ಪೆನ್ನನ್ನು ಅಲರ್ಜಿ ಇರುವ ಮಗುವಿನ ಶಿಕ್ಷಕಿಯ ಕೈಗೆ ಕೊಡಲು ಅಡ್ಡಿಯೇನು? ಇಂಗ್ಲೆಂಡಿನಲ್ಲಿ 2017ರ ಅಕ್ಟೋಬರಿನಿಂದ ಶಾಲೆಗಳು ಯಾರ ಹೆಸರಿಗೂ ಅಲ್ಲದ ಹೆಚ್ಚುವರಿ ಪೆನ್ನುಗಳನ್ನು ಕೊಂಡಿಡಬಹುದು. ನಮಗೂ ಅದೇ ಬೇಕು: ಇಲ್ಲೇ ತಯಾರಾಗಿ ಬೆಲೆ ನಿಯಂತ್ರಣದಲ್ಲಿರುವ ಪೆನ್ನು, ಶಾಲೆಯಲ್ಲಿ ಎರಡು, ಚಿಕ್ಕ ಕ್ಲಿನಿಕ್ಕಿನ ಗೋಡೆಯ ಮೇಲೆ ಮೊದಲು ಏನು ಕೊಡಬೇಕೆಂಬ ಒಂದು ಸಾಲು.

ಅಲ್ಲಿಯವರೆಗೆ ಮಾಡಬಹುದಾದದ್ದು ಇದೆ. ಹಿಂದೊಮ್ಮೆ ಇಡೀ ಮೈ ಪ್ರತಿಕ್ರಿಯೆ ತೋರಿಸಿದವರು ಅಲರ್ಜಿ ತಜ್ಞರನ್ನು ಕಾಣಬೇಕು. ಪೆನ್ನು ಸಿಗದ ಕಡೆ ಕೆಲವು ತಜ್ಞರು ಸರಿಯಾದ ಪ್ರಮಾಣವನ್ನು ಸಿರಿಂಜಿನಲ್ಲಿ ತುಂಬಿಸಿ, ಬೆಳಕು ತಾಗದ ಡಬ್ಬಿಯಲ್ಲಿಟ್ಟು, ಕೊಡುವುದನ್ನು ಮನೆಯವರಿಗೆ ಕಲಿಸಿಕೊಡುತ್ತಾರೆ. ಮೂರು ತಿಂಗಳಿಗೊಮ್ಮೆ ಅದನ್ನು ಬದಲಿಸಬೇಕು. ಪೆನ್ನಿಗೆ ಸಮವಲ್ಲ, ಆದರೆ ಬರಿಗೈಗಿಂತ ಮೇಲು. ಪೆನ್ನೇ ಇರಲಿ ಸಿರಿಂಜೇ ಇರಲಿ, ಫ್ರಿಜ್‌ನಲ್ಲೂ ಬಿಸಿಲಲ್ಲಿ ನಿಂತ ಕಾರಿನಲ್ಲೂ ಇಡಬಾರದು. ಔಷಧ ಕಂದುಬಣ್ಣಕ್ಕೆ ತಿರುಗಿದ್ದರೆ ಬದಲಿಸಬೇಕು.

ಇನ್ನು ಸಹಾಯ ಬರುವವರೆಗಿನ ಮಾತು. ಗೊತ್ತಿರುವ ಅಲರ್ಜಿಯ ವಸ್ತು ಒಳಹೊಕ್ಕ ಮೇಲೆ ಗಂದೆಯ ಜೊತೆ ಉಸಿರಾಟದ ತೊಂದರೆಯೋ, ಪದೇಪದೇ ವಾಂತಿಯೋ, ತಲೆಸುತ್ತೋ ಕಂಡರೆ, ಅಥವಾ ಗಂದೆಯಿಲ್ಲದೆ ದನಿ ಬದಲಾದರೆ, ಕುಸಿದರೆ, ಔಷಧ ಇದ್ದವರು ಕೊಡಬೇಕು. ಅನುಮಾನವಿದ್ದರೆ ಕೊಡುವುದೇ ಸರಿ. ಕೊಟ್ಟ ಗಂಟೆಯನ್ನು ಬರೆದಿಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದನ್ನು ಕೊಡಿ.

108ಕ್ಕೋ 112ಕ್ಕೋ ಕರೆ ಮಾಡುವಾಗ "ಅಲರ್ಜಿ" ಎನ್ನಬೇಡಿ, "ಅನಾಫಿಲ್ಯಾಕ್ಸಿಸ್, ಅಡ್ರಿನಾಲಿನ್ ಬೇಕು" ಎನ್ನಿ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ತಮಿಳು, ಹಿಂದಿಯಲ್ಲಿ ಬಾಳುವ ನಮಗೆ ಗಾಬರಿಯಲ್ಲಿ ಮೊದಲು ಕೈಕೊಡುವುದು ಆ ಎರಡನೆಯ ಭಾಷೆ. ಈ ಎರಡು ಪದ ಎಲ್ಲ ಊರಲ್ಲೂ ಒಂದೇ. ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ.

ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ, ಕಾಲು ಮಾತ್ರ ಮುಂದೆ ಚಾಚಿರಲಿ. ಬಸುರಿಯನ್ನು ಎಡಮಗ್ಗುಲಿಗೆ, ವಾಂತಿ ಮಾಡುತ್ತಿರುವವರನ್ನು, ಪ್ರಜ್ಞೆಯಿಲ್ಲದೆ ಉಸಿರಾಡುತ್ತಿರುವವರನ್ನು ಒಂದು ಮಗ್ಗುಲಿಗೆ ಮಲಗಿಸಿ. ನಿಲ್ಲಿಸಬೇಡಿ, ನಡೆಸಬೇಡಿ, ಚೇತರಿಸಿಕೊಂಡಂತೆ ಕಂಡರೂ. ದ್ರವ ಸೋರಿಹೋದ ದೇಹ ಎದ್ದು ನಿಂತಾಗ ಉಳಿದ ರಕ್ತವೆಲ್ಲ ಕಾಲಿಗಿಳಿದು ಹೃದಯ ಖಾಲಿಯಾಗಿಯೇ ಬಡಿಯುತ್ತದೆ. ಎದ್ದು ಕೂತ ಅರೆಕ್ಷಣದಲ್ಲಿ ಸತ್ತವರ ದಾಖಲೆಗಳಿವೆ. ಬಚ್ಚಲಿಗೆ ನಾಲ್ಕು ಹೆಜ್ಜೆ, ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತದ್ದು, ಎರಡು ಸಲವೂ ಭಾವ ಕುಸಿದದ್ದು ಇದರಿಂದಲೇ.

ಜೇನುಹುಳದ ಮುಳ್ಳು ಚರ್ಮದಲ್ಲಿ ಉಳಿದಿದ್ದರೆ ಉಗುರಿನಿಂದಲೋ ಬೆರಳಿನಿಂದಲೋ ಕೂಡಲೇ ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ಎನ್ನುವುದು ಮುಖ್ಯ. ಕಣಜ ಮುಳ್ಳು ಬಿಡುವುದಿಲ್ಲ. ಬಾಯಿಗೆ ನೀರು, ಮಜ್ಜಿಗೆ, ಪುನರ್ಪುಳಿ ಏನೂ ಬೇಡ. ಅಸ್ತಮಾದ ಪಂಪನ್ನು ಅಡ್ರಿನಾಲಿನ್ ಆದ ಮೇಲೆ ಕೊಡಬಹುದು, ಅದರ ಬದಲಿಗೆ ಅಲ್ಲ. ಉಸಿರು ನಿಂತರೆ ಎದೆ ಒತ್ತಲು ಶುರು ಮಾಡಿ.

ಕೊನೆಯದಾಗಿ, ಚೇತರಿಸಿಕೊಂಡ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಭಾವ ರಾತ್ರಿ ಒಂಬತ್ತಕ್ಕೇ ಮನೆಗೆ ಹೋಗೋಣ ಎಂದು ಹಟ ಹಿಡಿದಿದ್ದರು. "ಒಂದು ರಾತ್ರಿ ಇರಿ ಭಾವ, ನನ್ನ ಸಮಾಧಾನಕ್ಕೆ" ಎಂದು ಬೇಡಿಕೊಂಡೆ. ರಾತ್ರಿ 1.30ಕ್ಕೆ ಯಾವ ಹುಳವೂ ಕಚ್ಚದೆ ಮತ್ತೆ ತುರಿಕೆ, ಮತ್ತೆ ಗಂದೆ, ಈ ಸಲ ಎದೆಯಲ್ಲಿ ಸುಂಯ್ ಸದ್ದು. ಎರಡನೆಯ ಅಲೆ ಎಲ್ಲರಿಗೂ ಬರುವುದಿಲ್ಲ, ಆದರೆ ಬರುವವರಿಗೆ ಮುಂಚೆ ಹೇಳಿ ಬರುವುದಿಲ್ಲ. ಆ ಹೊತ್ತಿಗೆ ಅದೇ ಯುವ ವೈದ್ಯರು ಡ್ಯೂಟಿಯಲ್ಲಿದ್ದರು. ಈ ಸಲ ಅವರು ನನಗೆ ಫೋನ್ ಮಾಡಲಿಲ್ಲ, ಇಸಿಜಿ ಕೇಳಲಿಲ್ಲ. ಮೂರನೆಯ ಡೋಸ್ ಕೊಟ್ಟ ಮೇಲೆ ಅಕ್ಕನಿಗೆ ಹೇಳಿದರಂತೆ, "ಮೊದಲು ತೊಡೆಗೆ ಕೊಟ್ಟೆ ಅಂತ ನಿಮ್ಮ ತಂಗಿಗೆ ತಿಳಿಸಿ."

ಈಗ ಅಕ್ಕನ ಮನೆಯಲ್ಲಿ ಬಾಗಿಲ ಪಕ್ಕದ ಕೀಲಿಮೊಳೆಯ ಕೆಳಗೆ ಒಂದು ಡಬ್ಬಿಯಿದೆ. ಒಳಗೆ ನೆಂಟರು ತಂದುಕೊಟ್ಟ ಎರಡು ಪೆನ್ನು, ಮುಚ್ಚಳದ ಮೇಲೆ ಅವಧಿ ಮುಗಿಯುವ ತಿಂಗಳು. ಭಾವ ವಾಕಿಂಗಿಗೆ ಹೊರಟರೆ ಡಬ್ಬಿ ಜೊತೆಗೆ ಹೋಗುತ್ತದೆ. ಆ ತಿಂಗಳು ಬರುವುದರೊಳಗೆ ಹೊಸ ಪೆನ್ನನ್ನು ಪುಣೆಯ ಅಂಗಡಿಯಲ್ಲೇ ಕೊಳ್ಳುವಂತಾಗಬೇಕು.